ಹ್ಯಾಶಮ್ಮನ ಹಗೆ

ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಸಂಬಳದ ದಾಖಲೆಯವರು ಮಾತ್ರ. ಉಳಿದವರಿಗೆಲ್ಲ ಅವಳು ಹ್ಯಾಶಮ್ಮ. ಪೊಲೀಸರು ವಶಪಡಿಸಿಕೊಂಡ ಫೋನುಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಹದಿಮೂರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದಳು. ಕೆಲಸದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿರಲಿಲ್ಲ. ಲಕೋಟೆಯ ಅರಗಿನ ಮುದ್ರೆ ಒಂದು ಮೂಲೆಯಲ್ಲಿ ಸೀಳಿದ್ದರೂ ಫೋನನ್ನು ಮುಟ್ಟದೆ ವಾಪಸ್ ಕಳಿಸುತ್ತಿದ್ದಳು. ತಂದ ಪೇದೆ ಗೊಣಗಿಕೊಂಡು ಹೋಗುತ್ತಿದ್ದ. ಅವಳ ಈ ಶಿಸ್ತನ್ನು ಕಂಡು ಹೊಸದಾಗಿ ಸೇರಿದವರು, ಎಂಥ ಕರ್ತವ್ಯನಿಷ್ಠೆ ಎಂದು ಮೆಚ್ಚುತ್ತಿದ್ದರು. ಅದು ನಿಷ್ಠೆಯಲ್ಲ, ಹಗೆ ಎಂಬುದು ಗೊತ್ತಿದ್ದದ್ದು ಅವಳ ಗಂಡನಿಗೆ, ಅತ್ತೆಗೆ ಮತ್ತು ಪಕ್ಕದ ಮೇಜಿನ ಸಹೋದ್ಯೋಗಿಗೆ, ಇಷ್ಟೇ ಜನಕ್ಕೆ.

ಹಗೆ ಹುಟ್ಟಿದ್ದು ಒಂಬತ್ತು ವರ್ಷಗಳ ಹಿಂದೆ, ಅವಳು ಮೊದಲ ಬಾರಿಗೆ ಸಾಕ್ಷಿಕಟ್ಟೆ ಹತ್ತಿದ ದಿನ.

ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ನಾಲ್ವರು ಹೆಂಗಸರು ಸತ್ತಿದ್ದರು. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗ ಹಾಕಿದವನು ಕಾವಲುಗಾರ. ಹಾಕಿಸಿದವನು ಕಾರ್ಖಾನೆಯ ಧಣಿ. ಧಣಿಯ ಫೋನಿನಿಂದ ಅವಳು ಒಂದು ಧ್ವನಿ ಸಂದೇಶವನ್ನು ಹೊರತೆಗೆದಿದ್ದಳು: "ಊಟದ ಹೊತ್ತು ಬಿಟ್ಟು ಹಿಂದಿನ ಬಾಗಿಲು ತೆಗೆದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ." ಹನ್ನೊಂದು ಸೆಕೆಂಡಿನ ಮಾತು. ಅದೊಂದು ಸಾಕಾಗಿತ್ತು.

ಸಾಕಾಗಲಿಲ್ಲ. ಧಣಿಯ ವಕೀಲರು ಸಣ್ಣ ಧ್ವನಿಯ, ನಯವಾದ ಮನುಷ್ಯ. ಎದುರಿನವರ ಮಾತನ್ನು ನಡುವೆಯೇ ಕತ್ತರಿಸುವುದರಲ್ಲಿ ಪಳಗಿದವರಾದ್ದರಿಂದ ನ್ಯಾಯಾಲಯದ ಪಡಸಾಲೆಯಲ್ಲಿ ಅವರಿಗೆ ಕತ್ತರಿ ವಕೀಲರೆಂದೇ ಹೆಸರು. ಫೋನನ್ನು ಇನ್ನೊಮ್ಮೆ ಬೇರೆ ತಜ್ಞರಿಂದ ಪರೀಕ್ಷಿಸಬೇಕೆಂದು ಅವರು ಮೊದಲೇ ಅರ್ಜಿ ಹಾಕಿ ಮಾಡಿಸಿಕೊಂಡಿದ್ದರು. ಎರಡು ಹಾಳೆ ಹಿಡಿದು ಅವಳ ಮುಂದೆ ನಿಂತರು.

"ಇದು ನೀವು ಫೋನಿನಿಂದ ಪ್ರತಿ ತೆಗೆದಾಗ ಬಂದ ಹ್ಯಾಶ್ ಮೌಲ್ಯ. ಅರವತ್ನಾಲ್ಕು ಅಕ್ಷರ. ಇದು ಫೋನಿನ ಬೆರಳಚ್ಚು ಇದ್ದ ಹಾಗೆ ಅಂತ ನೀವೇ ಬರೆದಿದ್ದೀರಿ. ಸರಿನಾ?"

"ಸರಿ ಸರ್."

"ಇದು ಅದೇ ಫೋನಿನಿಂದ ಎರಡನೇ ಸಲ ತೆಗೆದದ್ದು. ಎರಡೂ ಒಂದೇನಾ ನೋಡಿ ಹೇಳಿ."

ಅವಳು ನೋಡಿದಳು. ಮೊದಲ ಅಕ್ಷರದಿಂದಲೇ ಬೇರೆ. "ಬೇರೆ ಸರ್."

"ಬೆರಳಚ್ಚು ಬೇರೆ ಅಂದ್ರೆ ಮನುಷ್ಯ ಬೇರೆ. ಅಂದ್ರೆ ನಡುವೆ ಯಾರೋ ಕೈಯಾಡಿಸಿದ್ದಾರೆ. ಹೌದೋ ಅಲ್ಲವೋ?"

ಆಗ ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಫೋನನ್ನಲ್ಲ, ನಾನು ತೆಗೆದ ಪ್ರತಿಯನ್ನು ಮತ್ತೆ ಅಳೆಯಿರಿ ಸ್ವಾಮಿ ಎಂದಿದ್ದರೆ ಮುಗಿಯುತ್ತಿತ್ತು. ಫೋನು ಕಲ್ಲಲ್ಲ. ಆನ್ ಮಾಡಿದಾಗಲೆಲ್ಲ ಅದು ತನ್ನೊಳಗೆ ಏನೋ ಬರೆದುಕೊಳ್ಳುತ್ತದೆ. ಎರಡು ಸಲ ಪ್ರತಿ ತೆಗೆದರೆ ಎರಡು ಹ್ಯಾಶ್ ಬರುವುದೇ ಸಹಜ. ಆದರೆ ಒಮ್ಮೆ ತೆಗೆದಿಟ್ಟ ಪ್ರತಿ ಬದಲಾಗಬಾರದು. ಅದರ ಹ್ಯಾಶ್ ಇಂದು ಲೆಕ್ಕ ಹಾಕಿದರೂ ಹತ್ತು ವರ್ಷದ ಮೇಲೆ ಹಾಕಿದರೂ ಅದೇ ಬರಬೇಕು. ಪರೀಕ್ಷೆಗೆ ಓದಿದ್ದೆಲ್ಲ ಆ ಕ್ಷಣ ತಲೆಯಿಂದ ಹಾರಿಹೋಗಿತ್ತು. "ಗೊತ್ತಿಲ್ಲ ಸರ್" ಎಂದಳು.

ಧಣಿ ಬಿಡುಗಡೆಯಾದ. ಕಾವಲುಗಾರನಿಗೆ ಐದು ವರ್ಷ ಸಜೆಯಾಯಿತು. ಮೆಟ್ಟಿಲಿಳಿಯುವಾಗ ಧಣಿ ಅವಳ ಪಕ್ಕ ಬಂದು, ಮನೆಯ ಹಿರಿಯನ ಹಾಗೆ, "ಇನ್ನೂ ಚಿಕ್ಕವಳು ನೀನು. ಚೆನ್ನಾಗಿ ಓದ್ಕೊಂಡು ಬಾಮ್ಮ" ಎಂದ. ಸುತ್ತಲಿದ್ದವರು ನಕ್ಕರು. ಆ ನಗುವನ್ನು ಅವಳು ಹೇಗೋ ಸಹಿಸಿಕೊಂಡಳು. ಸಹಿಸಲಾಗದ್ದು ಮಾರನೆಯ ವಾರ ಬಂತು. ಕಾವಲುಗಾರನ ಹೆಂಡತಿ ಪ್ರಯೋಗಾಲಯದ ಗೇಟಿನ ಬಳಿ ಮಧ್ಯಾಹ್ನದವರೆಗೆ ಕಾದು ಕೂತು, ಅವಳು ಹೊರಬಂದಾಗ ಎದ್ದು ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ನಿಮಗೆ ಗೊತ್ತಿತ್ತಾ ಅಕ್ಕಾ, ಗೊತ್ತಿರ್ಲಿಲ್ವಾ? ಅಷ್ಟು ಹೇಳಿ ಸಾಕು."

"ಗೊತ್ತಿತ್ತು. ಬಾಯಿಗೆ ಬರಲಿಲ್ಲ."

ಆ ಹೆಂಗಸು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೊರಟುಹೋದಳು. ಕಾವಲುಗಾರ ಜೈಲಿನ ಮೂರನೇ ವರ್ಷದಲ್ಲಿ ಎದೆನೋವಿನಿಂದ ಸತ್ತನೆಂಬ ಸುದ್ದಿ ಆಮೇಲೆ ಬಂತು.

ಅಂದಿನಿಂದ ಅವಳು ಓದಿದಳು. ಧಣಿ ಹೇಳಿದ್ದಕ್ಕೇ ಓದಿದಳು, ಹಲ್ಲು ಕಚ್ಚಿ ಓದಿದಳು. ಓದಿದ್ದನ್ನು ಅತ್ತೆಗೆ ಹೇಳುತ್ತಿದ್ದಳು. ಅತ್ತೆಗೆ ಒಂದು ಕಿವಿ ಕೇಳುತ್ತಿರಲಿಲ್ಲ, ಇನ್ನೊಂದು ಕಿವಿಗೆ ಸುಲಭವಾಗಿ ಏನೂ ಒಪ್ಪಿಗೆಯಾಗುತ್ತಿರಲಿಲ್ಲ. ಅತ್ತೆಗೆ ಅರ್ಥವಾದರೆ ಯಾವ ನ್ಯಾಯಾಧೀಶರಿಗಾದರೂ ಅರ್ಥವಾಗುತ್ತದೆ ಎಂಬುದು ಅವಳ ಎಣಿಕೆ.

"ಒಂದು ಪತ್ರ ಬರೀರಿ ಅತ್ತೆ. ಎರಡು ಸಾಲು."

ಅತ್ತೆ ತಮ್ಮ ತಂಗಿಗೆಂದು ಪತ್ರ ಹೇಳಿ ಸೊಸೆಯಿಂದ ಬರೆಸಿದರು. ಅವಳು ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಹ್ಯಾಶ್ ತೆಗೆದು ತೋರಿಸಿದಳು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಇಂಗ್ಲಿಷಿನ ಮೊದಲ ಆರು ಅಕ್ಷರ, ಎಲ್ಲ ಕಲಸಿದ ಅರವತ್ನಾಲ್ಕರ ಒಂದು ಸಾಲು. "ಈಗ ಕೊನೇ ಚುಕ್ಕಿ ಅಳಿಸ್ತೀನಿ ನೋಡಿ." ಚುಕ್ಕಿ ಅಳಿಸಿದಳು. ಸಾಲಿಗೆ ಸಾಲೇ ಬೇರೆಯಾಯಿತು.

"ಚುಕ್ಕಿ ವಾಪಸ್ ಇಟ್ರೆ?"

ಇಟ್ಟಳು. ಮೊದಲಿನ ಸಾಲೇ ಬಂತು.

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸರಿ. ಆದರೆ ಈ ಸಾಲು ನೋಡಿ ನನ್ನ ತಂಗಿಗೆ ನಾನೇನು ಬರೆದಿದ್ದೀನಿ ಅಂತ ಗೊತ್ತಾಗತ್ತಾ?"

"ಇಲ್ಲ. ಪತ್ರದಿಂದ ಸಾಲು ಬರತ್ತೆ, ಸಾಲಿನಿಂದ ಪತ್ರ ಬರಲ್ಲ."

"ಅದು ಒಳ್ಳೇದಾಯ್ತು. ಅವಳ ಸೊಸೆ ಬಗ್ಗೆ ಬರೆಸಿದ್ದೀನಿ" ಎಂದರು ಅತ್ತೆ.

ಹಳೆಯ ಪ್ರಕರಣದ ಪ್ರತಿ ಇದ್ದ ಡಿಸ್ಕು ಪ್ರಯೋಗಾಲಯದ ಉಗ್ರಾಣದಲ್ಲಿ ಹಾಗೆಯೇ ಇತ್ತು. ಸಂಗ್ರಹದ ತಪಾಸಣೆ ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪ್ರತಿವರ್ಷವೂ ಆ ಡಿಸ್ಕಿನ ಹ್ಯಾಶ್ ಅವಳ ಅಂದಿನ ವರದಿಯಲ್ಲಿದ್ದದ್ದೇ ಬರುತ್ತಿತ್ತು. ಪ್ರತಿವರ್ಷವೂ ಅದನ್ನು ನೋಡಿ ಅವಳ ಹೊಟ್ಟೆ ಉರಿಯುತ್ತಿತ್ತು. ಗಂಡ ಒಮ್ಮೆ, "ಬಿಟ್ಟುಬಿಡೇ, ಎಷ್ಟು ವರ್ಷ ಅಂತ ಹೊತ್ಕೊಂಡಿರ್ತೀಯ" ಎಂದ. "ಅವನು ಬಿದ್ದ ದಿನ ಇಳಿಸ್ತೀನಿ" ಎಂದಳು.

ಆ ದಿನದ ಮೊದಲ ಸುಳಿವು ಒಂದು ಮಂಗಳವಾರ ಮಧ್ಯಾಹ್ನ ಬಂತು. ಅದೇ ಧಣಿಯ ಇನ್ನೊಂದು ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಈ ಬಾರಿ ಸತ್ತವರು ಆರು ಜನ. ಅವರಲ್ಲೊಬ್ಬ ಆ ಅಂತಸ್ತಿನ ಮೇಲ್ವಿಚಾರಕ. ಅವನ ಶವ ಸಿಕ್ಕಿದ್ದು ಬೀಗ ಹಾಕಿದ ಬಾಗಿಲಿನ ಒಳಗಡೆ, ಹಿಡಿಕೆಯ ಮೇಲೆ ಕೈಯಿಟ್ಟ ಹಾಗೆಯೇ. ಅವನ ಫೋನು ಕರಗಿ ಮುದ್ದೆಯಾಗಿತ್ತು. ಧಣಿ ಸುದ್ದಿಗಾರರ ಮುಂದೆ ಕಣ್ಣೊರೆಸಿಕೊಂಡು, "ಕೀಲಿ ಅವನ ಹತ್ರಾನೇ ಇತ್ತು. ಗಾಬರೀಲಿ ಎಲ್ಲೋ ಬೀಳಿಸ್ಕೊಂಡ, ಪಾಪ" ಎಂದ. ಸುದ್ದಿ ನೋಡುತ್ತಿದ್ದ ಹ್ಯಾಶಮ್ಮ ಟಿವಿ ಆರಿಸಿದಳು. ಆಗ ಕಾವಲುಗಾರ, ಈಗ ಮೇಲ್ವಿಚಾರಕ. ಮಾತನಾಡಲಾರದವನ ತಲೆಗೆ ಕಟ್ಟುವುದು ಅವನಿಗೆ ರೂಢಿಯಾಗಿತ್ತು.

ಘಟನೆ ನಡೆದ ಒಂದೂವರೆ ಗಂಟೆಯೊಳಗೆ ಇನ್ಸ್‌ಪೆಕ್ಟರ್ ಧಣಿಯ ಫೋನನ್ನು ವಶಕ್ಕೆ ತೆಗೆದುಕೊಂಡಿದ್ದರು. ಅವರು ಹ್ಯಾಶಮ್ಮನ ತರಬೇತಿಯಲ್ಲಿ ಎರಡು ಬಾರಿ ಬೈಸಿಕೊಂಡವರು. ಆ ಬೈಗುಳ ವ್ಯರ್ಥವಾಗಿರಲಿಲ್ಲ. ಆನ್ ಆಗಿದ್ದ ಫೋನನ್ನು ಅವರು ಆರಿಸಲಿಲ್ಲ, ಏಕೆಂದರೆ ಆರಿಸಿದರೆ ಒಳಗಿನದು ಇನ್ನಷ್ಟು ಬಿಗಿಯಾಗಿ ಬೀಗ ಹಾಕಿಕೊಳ್ಳುತ್ತದೆ. ಕುತೂಹಲಕ್ಕೆಂದು ಒಳಗೆ ಇಣುಕಲಿಲ್ಲ. ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜಿಗೆ ಸಣ್ಣ ಬ್ಯಾಟರಿ ಜೋಡಿಸಿ, ಸಿಗ್ನಲ್ ಒಳಗೆ ನುಸುಳದ ಲೋಹದೆಳೆಯ ಚೀಲದಲ್ಲಿಟ್ಟರು. ದೂರದಿಂದ ಯಾರೂ ಅದನ್ನು ಅಳಿಸುವಂತಿರಲಿಲ್ಲ. ಪಂಚರ ಸಹಿ ಹಾಕಿಸಿ, ಗಂಟೆ ನಿಮಿಷ ಬರೆದು, ಮುದ್ರೆಯೊತ್ತಿದರು. ಪಾಸ್‌ವರ್ಡು ಕೇಳಿದಾಗ ಧಣಿ ತಾನೇ ಬರೆದುಕೊಟ್ಟಿದ್ದ. "ನೋಡ್ಕೊಳ್ಳಿ, ಏನಿದೆ ಅದರಲ್ಲಿ" ಎಂದಿದ್ದನಂತೆ. ಅಳಿಸಬೇಕಾದ್ದನ್ನು ಅಳಿಸಿಯಾಗಿದೆ ಎಂಬ ಧೈರ್ಯ ಅವನದು.

ಚೀಲ ಅವಳ ಮೇಜಿಗೆ ಬಂತು. ಅವಳು ಮುಟ್ಟಲಿಲ್ಲ. ಎದ್ದು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಸಕ್ಕರೆ ಬಿಟ್ಟ ಚಹಾ ಕುಡಿದು ಸದಾ ಮುಖ ಸಿಂಡರಿಸಿಕೊಂಡಿರುವ ಮನುಷ್ಯ.

"ಸರ್, ಈ ಕೇಸು ನಾನು ಮಾಡಬಹುದಾ ಅಂತ ನೀವು ಹೇಳಬೇಕು."

"ಯಾಕೆ? ಸಂಬಂಧಿಕನಾ?"

"ಅಲ್ಲ ಸರ್. ಅವನ ಮೇಲೆ ನನಗೆ ದ್ವೇಷ ಇದೆ."

ನಿರ್ದೇಶಕರು ಲೋಟ ಕೆಳಗಿಟ್ಟರು. "ಎಲ್ಲರಿಗೂ ಯಾರ ಮೇಲಾದ್ರೂ ಇರತ್ತೆ. ಯಾರೂ ಬಂದು ಹೇಳಲ್ಲ ಅಷ್ಟೆ. ನೀನು ಹೇಳಿದ್ದನ್ನ ಕಾಗದದ ಮೇಲೆ ಬರೆದು ಸಹಿ ಹಾಕಿಕೊಡು, ಕಡತಕ್ಕೆ ಸೇರಿಸ್ತೀನಿ. ಪಕ್ಕದಲ್ಲಿ ಸಂಶಯ ಇರಲಿ. ಅವನಿಲ್ಲದೆ ಒಂದು ತಂತೀನೂ ಚುಚ್ಚಬೇಡ."

ಸಂಶಯ ಅಂದರೆ ಪಕ್ಕದ ಮೇಜಿನವನು. ಬೆಳಿಗ್ಗೆ ಬಂದು ಗಡಿಯಾರ ಸರಿಯಿದೆಯೇ ಎಂದು ಮೂರು ಕಡೆ ನೋಡಿ ಆಮೇಲೆ ಹಾಜರಿ ಹಾಕುವವನು. ತನ್ನ ಕೈಬರಹವನ್ನೇ ನಂಬದವನು. ಇಂಥ ಕೆಲಸಕ್ಕೆ ಅವನಿಗಿಂತ ಒಳ್ಳೆಯ ಜೊತೆ ಇರಲಿಲ್ಲ.

ಇಬ್ಬರೂ ಕ್ಯಾಮೆರಾ ಚಾಲೂ ಮಾಡಿಟ್ಟು ಕೆಲಸ ಶುರುಮಾಡಿದರು. ಮುದ್ರೆಯ ಚಿತ್ರ, ಫೋನಿನ ನಾಲ್ಕು ಮಗ್ಗುಲಿನ ಚಿತ್ರ, ಹಿಂಬದಿಯ ಗೀರಿನ ಚಿತ್ರ. ಸಿಗ್ನಲ್ ತಲುಪದ ಕೋಣೆಯಲ್ಲಿ ಚೀಲ ಬಿಚ್ಚಿದರು. ಮೊದಲು ಮೆಮೊರಿ ಕಾರ್ಡಿನ ಸರದಿ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಬರಹ ತಡೆಯುವ ಪೆಟ್ಟಿಗೆ ಇಟ್ಟರು. ಅದರ ಮೂಲಕ ಓದಬಹುದು, ಬರೆಯಲಾಗದು. ಪ್ರತಿ ತೆಗೆಯುವ ಮೊದಲೂ ಆಮೇಲೂ ಕಾರ್ಡಿನ ಹ್ಯಾಶ್ ಒಂದೇ ಬಂತು.

ಫೋನಿನದು ಹಾಗಲ್ಲ. ಆನ್ ಆಗಿರುವ ಫೋನಿನಿಂದ ಪ್ರತಿ ತೆಗೆಯಬೇಕಾದರೆ ಅದರೊಡನೆ ಮಾತನಾಡಲೇಬೇಕು, ಪರೀಕ್ಷಾ ತಂತ್ರಾಂಶದ ಒಂದು ತುಣುಕನ್ನು ಅದರೊಳಗೆ ಕಳಿಸಲೇಬೇಕು. ಆ ತುಣುಕು ಎಲ್ಲಿ ಕೂರುತ್ತದೆ, ಏನು ಮುಟ್ಟುತ್ತದೆ ಎಂಬುದನ್ನು ಹ್ಯಾಶಮ್ಮ ಬರೆದಳು. ಸಂಶಯ ಓದಿ ಎರಡು ಕಡೆ ತಿದ್ದಿಸಿದ. ಆಮೇಲೆ ಒಳಗಿನ ಕಡತಗಳೆಲ್ಲವೂ ಒಂದೊಂದಾಗಿ ಹರಿದು ಬಂದವು. ಅರವತ್ತೊಂದು ಗಿಗಾಬೈಟಿನ ಒಂದು ಇಮೇಜ್, ಅಂದರೆ ಆ ಗಳಿಗೆಯ ಫೋನಿನ ಪಡಿಯಚ್ಚು. ಅದು ಮುಗಿದ ತಕ್ಷಣ ಹ್ಯಾಶ್ ತೆಗೆದಳು. ಸಂಶಯ ಬೇರೆ ಕಂಪ್ಯೂಟರಿನಲ್ಲಿ, ಬೇರೆ ತಂತ್ರಾಂಶದಲ್ಲಿ ತೆಗೆದ. ಅರವತ್ನಾಲ್ಕಕ್ಕೆ ಅರವತ್ನಾಲ್ಕೂ ಹೊಂದಿದವು. ಫೋನನ್ನು ಆರಿಸಿ ಮತ್ತೆ ಮುದ್ರೆ ಹಾಕಿದರು. ಇಮೇಜಿನ ಮೂರು ಪ್ರತಿ ಮಾಡಿದರು. ಒಂದು ಉಗ್ರಾಣಕ್ಕೆ, ಒಂದು ಕೆಲಸಕ್ಕೆ. ಮೂರನೆಯದನ್ನು, ಹ್ಯಾಶ್ ಬರೆದ ಪತ್ರದ ಸಮೇತ, ಅದೇ ದಿನ ನ್ಯಾಯಾಲಯದ ಗುಮಾಸ್ತರ ಕೈಗೆ ಕೊಟ್ಟು, ನ್ಯಾಯಾಲಯದ ಮುದ್ರೆ ಹಾಕಿಸಿ, ಸಮಯ ನಮೂದಿಸಿದ ರಸೀದಿ ಪಡೆದಳು. ಫೋನಿನೊಳಗೆ ಏನಿದೆ ಎಂದು ಅವಳಿನ್ನೂ ನೋಡಿರಲಿಲ್ಲ. ನೋಡುವ ಮೊದಲೇ ಬೀಗ ಹಾಕಿಬಿಡಬೇಕೆಂಬುದು ಅವಳ ಒಂಬತ್ತು ವರ್ಷದ ಯೋಜನೆ.

ಆಮೇಲೆ ಕೆಲಸದ ಪ್ರತಿ ತೆರೆದು ಹುಡುಕಿದಳು. ಸಂದೇಶದ ಆ್ಯಪಿನಲ್ಲಿ ಮೇಲ್ವಿಚಾರಕನ ಜೊತೆಗಿನ ಮಾತುಕತೆ ಪೂರ್ತಿ ಖಾಲಿ. ಎರಡು ದಿನ ಹುಡುಕಿದರೂ ಏನೂ ಇಲ್ಲ. ಮೂರನೇ ದಿನ ಇನ್ಸ್‌ಪೆಕ್ಟರ್ ಬಂದರು. ಸತ್ತವರ ಮನೆಗಳಿಗೆ ಹೋಗಿಬಂದ ಮುಖ. ಬಾಗಿಲು ಮುಂದೆ ಮಾಡಿ ಕುರ್ಚಿ ಎಳೆದು ಕೂತರು.

"ಮೇಡಂ, ಅವನೇ ಹೇಳಿದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಳೇ ಕೇಸಿನ ಧ್ವನಿ ನಿಮ್ಮ ಹತ್ರ ಇದೆಯಲ್ಲ. ಅಂಥದೇ ಒಂದು ಸಾಲು... ನಿಮ್ಮ ಕೈಲಿ ಆಗದ್ದು ಏನಿದೆ."

ಹ್ಯಾಶಮ್ಮನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಕ್ಷಣ ಧಣಿ ಕೈಕೋಳ ಹಾಕಿಸಿಕೊಂಡು ಹೋಗುವ ಚಿತ್ರ ಕಣ್ಣ ಮುಂದೆ ಬಂತು. ತುಂಬ ಚೆನ್ನಾಗಿಯೂ ಇತ್ತು.

"ಇಮೇಜು ನ್ಯಾಯಾಲಯದ ಬೀರುವಿನಲ್ಲಿದೆ" ಎಂದಳು. "ನಾನು ಇಲ್ಲಿ ಒಂದು ಚುಕ್ಕಿ ಸೇರಿಸಿದ್ರೂ ಅಲ್ಲಿರೋದಕ್ಕೆ ಹೊಂದಲ್ಲ. ಸೇರಿಸೋಕೆ ಆಗಬಾರದು ಅಂತಾನೇ ಮೊದಲ ದಿನ ಅಲ್ಲಿಟ್ಟು ಬಂದೆ. ನನ್ನ ಕೈಯನ್ನ ನಾನೇ ಕಟ್ಟಿಕೊಂಡಿದ್ದೀನಿ."

"ನಿಮಗೆ ಅವನ ಮೇಲೆ ಸಿಟ್ಟಿದೆ ಅಂದುಕೊಂಡಿದ್ದೆ."

"ನಿಮಗಿರೋದು ಸಿಟ್ಟು. ನನಗಿರೋದು ಅದಲ್ಲ. ಸುಳ್ಳಿನಿಂದ ಕಟ್ಟಿದ್ರೆ ಅವನು ಇವತ್ತಲ್ಲ ನಾಳೆ ಬಿಚ್ಚಿಕೊಂಡು ಬರ್ತಾನೆ, ಮತ್ತೆ ಮೆಟ್ಟಿಲ ಮೇಲೆ ನಿಂತು ನಗ್ತಾನೆ. ನನಗೆ ಅವನು ಬಿಚ್ಚಿಕೊಳ್ಳೋಕೇ ಆಗಬಾರದು. ಹೋಗಿ ಬನ್ನಿ ಸರ್. ನೀವು ಬಂದದ್ದನ್ನ ನಾನು ಮರೆತಿದ್ದೀನಿ, ಇನ್ನೊಂದು ಸಲ ಬಂದ್ರೆ ಮರೆಯಲ್ಲ."

ಸಿಕ್ಕಿದ್ದು ನಾಲ್ಕನೇ ದಿನ, ಸಂಶಯನ ಒಂದು ಗೊಣಗಿನಿಂದ. "ಮುಖ್ಯ ಕಡತ ನೋಡಿದ್ರಿ. ಪಕ್ಕದ್ದು ನೋಡಿದ್ರಾ?" ಎಂದ. ಅವಳು ಮೇಲ್ಮೇಲೆ ನೋಡಿದ್ದಳು, ಅಗೆದಿರಲಿಲ್ಲ. ಆ ಆ್ಯಪ್ ಹೊಸದಾಗಿ ಬಂದದ್ದನ್ನು ನೇರವಾಗಿ ಮುಖ್ಯ ಕಡತಕ್ಕೆ ಬರೆಯುವುದಿಲ್ಲ. ಮೊದಲು ಪಕ್ಕದ ಒಂದು ಸಣ್ಣ ಕಡತದಲ್ಲಿ ಗೀಚಿಟ್ಟುಕೊಂಡು, ಆಮೇಲೆ ಮುಖ್ಯ ಕಡತಕ್ಕೆ ಸೇರಿಸುತ್ತದೆ. ಸಂದೇಶ ಅಳಿಸಿದರೂ ಪಕ್ಕದ ಕಡತದ ಹಳೆಯ ಗೀಚು, ಅದರ ಮೇಲೆ ಹೊಸದು ಬರೆಯುವವರೆಗೆ, ಉಳಿದಿರಬಹುದು. ಫೋನು ಬೇಗ ಚೀಲ ಸೇರಿದ್ದರಿಂದ ಆ ಗೀಚು ಉಳಿದಿತ್ತು. ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಮೇಲ್ವಿಚಾರಕನಿಗೆ ಕಳಿಸಿದ ಸಂದೇಶ: "ಎರಡೂ ಬಾಗಿಲು ಒಳಗಿಂದ ಬೀಗ ಹಾಕಿ ಕೀಲಿ ಕಿಂಡಿಯಿಂದ ನನ್ನ ಕ್ಯಾಬಿನ್ ಟೇಬಲ್ ಮೇಲೆ ಇಡು. ಮಾಲು ಹೋಗೋವರೆಗೂ ಒಬ್ಬರೂ ಹೊರಗೆ ಕಾಲಿಡಬಾರದು." ಅದರ ಕೆಳಗೆ ಮೇಲ್ವಿಚಾರಕನ ಉತ್ತರ: "ಇಟ್ಟಿದ್ದೀನಿ ಸರ್."

ಹ್ಯಾಶಮ್ಮ ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು. ಸತ್ತವನ ಕೈಯಲ್ಲಿ ಕೀಲಿ ಇರಲೇ ಇಲ್ಲ. ಸಂಶಯ ಮಾತ್ರ, "ಸಮಯ ಯಾವ ಗಡಿಯಾರದ್ದು, ಫೋನಿನ ಗಡಿಯಾರ ಸರಿಯಿತ್ತಾ, ಅದನ್ನ ಬರೀರಿ" ಎಂದ. ವಶಪಡಿಸಿಕೊಂಡಾಗ ಇನ್ಸ್‌ಪೆಕ್ಟರ್ ಫೋನಿನ ಸಮಯವನ್ನೂ ತಮ್ಮ ಗಡಿಯಾರದ ಸಮಯವನ್ನೂ ಅಕ್ಕಪಕ್ಕ ಬರೆದಿದ್ದರು. ಅದೂ ಹೊಂದಿತು.

ಧಣಿ ತನ್ನ ಹಳೆಯ ವಕೀಲರನ್ನೇ ಇಟ್ಟುಕೊಂಡಿದ್ದ. ಆ ಸುದ್ದಿ ತಿಳಿದಾಗ ಹ್ಯಾಶಮ್ಮನಿಗಾದ ಸಂತೋಷ ಮಗಳು ಹುಟ್ಟಿದಾಗಲೂ ಆಗಿರಲಿಲ್ಲವೆಂದು ಗಂಡ ಛೇಡಿಸುತ್ತಿದ್ದ. ಕತ್ತರಿ ವಕೀಲರು ಹಿಂದಿನಂತೆಯೇ ಮರುಪರೀಕ್ಷೆಗೆ ಅರ್ಜಿ ಹಾಕಿದರು. ಸರ್ಕಾರಿ ವಕೀಲೆ ವಿರೋಧಿಸಲು ಹೊರಟಾಗ ಹ್ಯಾಶಮ್ಮ ತಡೆದಳು. "ಮಾಡಿಸಲಿ ಮೇಡಂ. ದಯವಿಟ್ಟು ಬಿಡಿ." ಧಣಿಯ ಕಡೆಯ ತಜ್ಞ ಫೋನನ್ನು ಆನ್ ಮಾಡಿ ಪ್ರತಿ ತೆಗೆದ. ಫೋನು ಎದ್ದ ಕೂಡಲೇ ಆ್ಯಪೂ ಎದ್ದು, ಪಕ್ಕದ ಕಡತವನ್ನು ಮುಖ್ಯ ಕಡತಕ್ಕೆ ಸೇರಿಸಿ, ಹಳೆಯ ಗೀಚಿನ ಮೇಲೆ ಹೊಸದು ಬರೆಯಿತು. ಅವನ ಪ್ರತಿಯಲ್ಲಿ ಆ ಸಂದೇಶ ಇರಲಿಲ್ಲ. ಇನ್ನು ಅದು ಉಳಿದಿದ್ದದ್ದು ಮೊದಲ ದಿನ ತೆಗೆದ ಇಮೇಜಿನಲ್ಲಿ ಮಾತ್ರ.

ಸಾಕ್ಷಿಕಟ್ಟೆ ಹತ್ತಿದ ದಿನ ಅವಳು ತೆಳು ನೀಲಿ ಸೀರೆ ಉಟ್ಟು, ಒಂದು ಲ್ಯಾಪ್‌ಟಾಪು, ಬರಹ ತಡೆಯುವ ಪೆಟ್ಟಿಗೆ, ಒಂದು ತಂತಿ ತಂದಿದ್ದಳು. ಕತ್ತರಿ ವಕೀಲರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಧ್ವನಿ ಮಾತ್ರ ಹಾಗೆಯೇ ಇತ್ತು.

"ನಿಮಗೆ ನನ್ನ ಕಕ್ಷಿದಾರರ ಮೇಲೆ ದ್ವೇಷ ಇದೆ. ನೀವೇ ಬರೆದುಕೊಟ್ಟಿದ್ದೀರಿ."

"ಹೌದು ಸರ್, ಇದೆ."

ನ್ಯಾಯಾಲಯದಲ್ಲಿ ಸಣ್ಣ ಗುಸುಗುಸು. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾಳೆಂದು ವಕೀಲರೂ ಎಣಿಸಿರಲಿಲ್ಲ.

"ದ್ವೇಷ ಇರೋವರ ಕೈಗೆ ಫೋನು ಸಿಕ್ಕಿದೆ. ನಿಮ್ಮ ಹ್ಯಾಶು ಒಂದು, ನಮ್ಮ ತಜ್ಞರ ಹ್ಯಾಶು ಇನ್ನೊಂದು. ನಿಮ್ಮ ಪ್ರತಿಯಲ್ಲಿ ಸಂದೇಶ ಇದೆ, ಅವರ ಪ್ರತಿಯಲ್ಲಿ ಇಲ್ಲ. ಇದರ ಅರ್ಥ ಏನು?"

ಅವಳು ನ್ಯಾಯಾಧೀಶರ ಕಡೆ ತಿರುಗಿದಳು. ಆತುರಪಡಲಿಲ್ಲ. "ಫೋನು ಆನ್ ಮಾಡಿದಾಗಲೆಲ್ಲ ಒಳಗೆ ಬರೆದುಕೊಳ್ಳತ್ತೆ ಸ್ವಾಮಿ. ಅದಕ್ಕೇ ಎರಡು ಸಲ ತೆಗೆದ್ರೆ ಎರಡು ಹ್ಯಾಶ್ ಬರತ್ತೆ. ಎರಡೂ ಪ್ರತಿಯ ಕಡತಗಳನ್ನ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿದ್ದೀವಿ. ಹದಿನೆಂಟು ಸಾವಿರ ಚಿತ್ರ ಇದೆ, ಒಂದರಲ್ಲೂ ವ್ಯತ್ಯಾಸ ಇಲ್ಲ. ಬದಲಾದ ಕಡತಗಳಲ್ಲಿ ಬದಲಾದ ಸಮಯ ಇರತ್ತೆ. ಆ ಸಂದೇಶ ಇದ್ದ ಕಡತ ಬದಲಾಗಿರೋದು ಅವರ ತಜ್ಞರು ಫೋನು ಆನ್ ಮಾಡಿದ ನಿಮಿಷದಲ್ಲಿ. ಅವರ ವರದಿಯ ಎರಡನೇ ಪುಟದಲ್ಲಿ ಆ ಸಮಯ ಅವರೇ ಬರೆದಿದ್ದಾರೆ."

ನ್ಯಾಯಾಧೀಶರು ಪುಟ ತಿರುಗಿಸಿದರು. ವಕೀಲರೂ ತಿರುಗಿಸಿದರು.

"ನನ್ನ ದ್ವೇಷದ ವಿಷಯ" ಎಂದು ಅವಳು ಮುಂದುವರಿಸಿದಳು. "ನನ್ನನ್ನ ನಂಬಬೇಡಿ ಸ್ವಾಮಿ. ಇಮೇಜು ನಿಮ್ಮ ಬೀರುವಿನಲ್ಲಿದೆ, ನಿಮ್ಮ ಮುದ್ರೆಯೊಳಗೆ. ನಾನು ಒಳಗೇನಿದೆ ಅಂತ ನೋಡೋ ಮೊದಲೇ ಕೊಟ್ಟದ್ದು, ರಸೀದಿ ಇದೆ. ಅದನ್ನ ಇಲ್ಲೇ ಅಳೆಯಿರಿ. ಲೆಕ್ಕ ಹಾಕೋದು ಯಂತ್ರ, ಅದಕ್ಕೆ ಯಾರ ಮೇಲೂ ಹಗೆ ಇಲ್ಲ."

ಗುಮಾಸ್ತರು ಬೀರು ತೆಗೆದು ಲಕೋಟೆ ತಂದರು. ಮುದ್ರೆ ಸರಿಯಾಗಿದೆಯೆಂದು ಎರಡೂ ಕಡೆಯ ವಕೀಲರು ನೋಡಿ ಸಹಿ ಹಾಕಿದರು. ಧಣಿಯ ಕಡೆಯ ತಜ್ಞನೇ ಡಿಸ್ಕನ್ನು ತನ್ನದೇ ಪೆಟ್ಟಿಗೆಯ ಮೂಲಕ ತನ್ನ ಲ್ಯಾಪ್‌ಟಾಪಿಗೆ ಜೋಡಿಸಲೆಂದು ಅವಳು ಕೇಳಿಕೊಂಡಳು. ತಾನು ತಂದದ್ದನ್ನು ಚೀಲದಿಂದ ತೆಗೆಯಲೇ ಇಲ್ಲ. ಲೆಕ್ಕ ಶುರುವಾಯಿತು. ಹದಿನಾಲ್ಕು ನಿಮಿಷ ಹಿಡಿಯಿತು. ಹಸಿರು ಪಟ್ಟಿ ಗೋಡೆಯ ಮೇಲಿನ ಪರದೆಯಲ್ಲಿ ನಿಧಾನವಾಗಿ ಬಲಕ್ಕೆ ಸರಿಯಿತು. ಯಾರೋ ಕೆಮ್ಮಿದರು. ಫ್ಯಾನು ಕಿರುಗುಟ್ಟುತ್ತಿತ್ತು. ಧಣಿ ಮೊದಲು ಬೇಸರದಿಂದ ಆಕಳಿಸಿದ. ಪಟ್ಟಿ ಅರ್ಧ ದಾಟಿದಾಗ ಅವನ ಕಾಲು ಅಲುಗಾಡತೊಡಗಿತು. ಹ್ಯಾಶಮ್ಮ ಪರದೆಯನ್ನು ನೋಡಲೇ ಇಲ್ಲ. ಹದಿನಾಲ್ಕು ನಿಮಿಷವೂ ಅವನ ಆ ಕಾಲನ್ನೇ ನೋಡುತ್ತ ನಿಂತಳು.

ಸಾಲು ಮೂಡಿತು. ಗುಮಾಸ್ತರು ಹೋಲಿಸಲು ಎದ್ದರು.

"ಸ್ವಾಮಿ, ಒಂದು ಕೋರಿಕೆ. ಪರದೆಯ ಮೇಲಿರೋದನ್ನ ಆರೋಪಿಯ ವಕೀಲರೇ ಓದಲಿ. ಗುಮಾಸ್ತರು ಪತ್ರದಲ್ಲಿ ನೋಡಿಕೊಳ್ಳಲಿ. ಆಮೇಲೆ ಯಾರೂ ಸಂಶಯಪಡೋ ಹಾಗಿರಲ್ಲ."

ನ್ಯಾಯಾಧೀಶರು ತಲೆಯಾಡಿಸಿದರು. ಕತ್ತರಿ ವಕೀಲರು ಓದತೊಡಗಿದರು. ಒಂದೊಂದು ಅಕ್ಷರಕ್ಕೂ ಗುಮಾಸ್ತರು "ಹೂಂ" ಎಂದರು. ಇಪ್ಪತ್ತರ ಹೊತ್ತಿಗೆ ವಕೀಲರ ಧ್ವನಿ ಇಳಿಯಿತು. "ಸ್ವಲ್ಪ ಗಟ್ಟಿಯಾಗಿ" ಎಂದರು ನ್ಯಾಯಾಧೀಶರು. ನಲವತ್ತು ಕಳೆದಾಗ ಅವರು ನಿಂತು ನೀರು ಕುಡಿದರು. ಅರವತ್ನಾಲ್ಕನೆಯ "ಹೂಂ" ಬಂದಾಗ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಒಂಬತ್ತು ವರ್ಷದಲ್ಲಿ ಹ್ಯಾಶಮ್ಮ ಕೇಳಿದ ಅತ್ಯಂತ ಇಂಪಾದ ಓದು ಅದು. ಅವಳು ಅದನ್ನು ಮುಚ್ಚಿಡಲೂ ಇಲ್ಲ. ಕಟ್ಟೆ ಇಳಿಯುವಾಗ ಮುಗುಳುನಗೆ ಮುಖದ ಮೇಲೇ ಇತ್ತು.

ಧಣಿಗೆ ಹತ್ತು ವರ್ಷ ಸಜೆಯಾಯಿತು. ತೀರ್ಪಿನ ದಿನ ಅವಳು ರಜೆ ಹಾಕಿ ಹೋಗಿ, ಅವನನ್ನು ಕರೆದೊಯ್ಯುವ ದಾರಿಯಲ್ಲಿ ನಿಂತಳು. ಅವನು ಹತ್ತಿರ ಬಂದ. ಹೇಳಬೇಕೆಂದು ವರ್ಷಗಟ್ಟಲೆ ಜೋಡಿಸಿಟ್ಟ ಮಾತುಗಳು ನಾಲಿಗೆಯ ತುದಿಗೆ ಬಂದವು. ಅವನು ಅವಳನ್ನು ನೋಡಿದ. ಪೇದೆಯ ಕಡೆ ತಿರುಗಿ, "ಈ ಯಮ್ಮ ಯಾರು, ಈ ಕೇಸಿನ ಸಾಕ್ಷೀನಾ?" ಎಂದ. ಈ ಕೇಸಿನ ಸಾಕ್ಷಿಯಾಗಿ ಕೂಡ ಅವಳು ಅವನ ನೆನಪಿನಲ್ಲಿ ಸರಿಯಾಗಿ ನಿಂತಿರಲಿಲ್ಲ. ಮೆಟ್ಟಿಲ ಮೇಲಿನ ಆ ಮಾತಂತೂ ಅವನ ಪಾಲಿಗೆ ಎಂದೂ ನಡೆದಿರಲೇ ಇಲ್ಲ. ಅವನು ಹೋದ.

ಮನೆಗೆ ಬಂದು ಅತ್ತೆಯ ಮುಂದೆ ಕೂತು ಹೇಳಿದಳು. "ಗುರುತೇ ಹಿಡೀಲಿಲ್ಲ ಅತ್ತೆ. ಇನ್ನೂ ಹತ್ತು ವರ್ಷ ಹೆಚ್ಚಿಗೆ ಕೊಡಬೇಕಿತ್ತು ಅವನಿಗೆ."

"ಹಿಡಿದಿದ್ರೆ ಕಡಿಮೆ ಮಾಡ್ತಿದ್ಯಾ?" ಎಂದರು ಅತ್ತೆ.

"ಇಲ್ಲ."

"ಮತ್ತೆ ಸುಮ್ಮನೆ ಊಟ ಮಾಡು."

ಮಾರನೆಯ ಭಾನುವಾರ ಅವಳು ಕಾವಲುಗಾರನ ಹೆಂಡತಿಯ ಮನೆ ಹುಡುಕಿಕೊಂಡು ಹೋದಳು. ಗಲ್ಲಿಯ ಕೊನೆಯಲ್ಲಿ ಒಂದು ಕೋಣೆಯ ಮನೆ. ಆ ಹೆಂಗಸು ಈಗ ಶಾಲೆಯೊಂದರಲ್ಲಿ ಆಯಾ. ಸುದ್ದಿ ಅವಳಿಗೆ ತಿಳಿದಿತ್ತು. ನೀರು ಕೊಟ್ಟು ಎದುರಿಗೆ ಕೂತಳು.

"ಅವನು ಒಳಗೆ ಹೋದ, ಸಂತೋಷ ಅಕ್ಕಾ. ನನ್ನ ಮಗನ ಕೆಲಸದ ಅರ್ಜೀಲಿ ಇವತ್ತಿಗೂ ಅಪ್ಪ ಅಪರಾಧಿ ಅಂತಾನೇ ಬರೀಬೇಕು. ಅದಕ್ಕೇನು ಮಾಡ್ತೀರಿ?"

ಹ್ಯಾಶಮ್ಮ ಅದಕ್ಕೇ ಬಂದಿದ್ದಳು. ಹಳೆಯ ಡಿಸ್ಕಿನ ವಿಷಯ ಹೇಳಿದಳು. ಅಂದಿನ ಹ್ಯಾಶ್ ಪ್ರಯೋಗಾಲಯದ ದಾಖಲೆಯಲ್ಲಿ ಮೇಲಧಿಕಾರಿಯ ಸಹಿಯ ಸಮೇತ ಇದೆ, ಡಿಸ್ಕು ಇಂದಿಗೂ ಅದಕ್ಕೆ ಹೊಂದುತ್ತದೆ, ಹೊಂದುವಷ್ಟು ಕಾಲವೂ ಆ ಹನ್ನೊಂದು ಸೆಕೆಂಡಿನ ಮಾತಿನಲ್ಲಿ ಏನೂ ಬದಲಾಗಿಲ್ಲವೆಂದೇ ಅರ್ಥ. ಸತ್ತವನ ಪರವಾಗಿ ಮೇಲಿನ ನ್ಯಾಯಾಲಯಕ್ಕೆ ಹೆಂಡತಿ ಹೋಗಬಹುದೆಂದು ಸರ್ಕಾರಿ ವಕೀಲೆ ಹೇಳಿದ್ದಾರೆ. ತಡವಾದದ್ದಕ್ಕೆ ಕಾರಣ ಕೊಡಬೇಕು. ಆ ದಿನ ಸಾಕ್ಷಿಕಟ್ಟೆಯಲ್ಲಿ ತಾನು ಹೇಳಬೇಕಾದ್ದನ್ನು ಹೇಳಲಿಲ್ಲ ಎಂದು ತಾನೇ ಪ್ರಮಾಣಪತ್ರ ಬರೆದುಕೊಡುತ್ತೇನೆ ಎಂದಳು.

"ನಿಮ್ಮ ಕೆಲಸಕ್ಕೆ ತೊಂದರೆ ಆಗಲ್ವಾ?"

"ಆಗಬಹುದು."

ಆ ಹೆಂಗಸು ನೀರಿನ ಲೋಟ ಎತ್ತಿ ಬದಿಗಿಟ್ಟಳು. ಆಮೇಲೆ, "ಆ ಧ್ವನಿ ನಾನು ಕೇಳಬಹುದಾ?" ಎಂದಳು.

"ಈಗ ಆಗಲ್ಲಮ್ಮ. ಅದು ಮುದ್ರೆಯೊಳಗಿದೆ. ನ್ಯಾಯಾಲಯದಲ್ಲೇ ಹಾಕಬೇಕು."

"ಹಾಗಾದ್ರೆ ಅಲ್ಲೇ ಕೇಳ್ತೀನಿ. ಎಲ್ಲರೂ ಕೇಳಲಿ."

ಅರ್ಜಿ ದಾಖಲಾಗಿ ಹನ್ನೊಂದು ತಿಂಗಳಾಗಿದೆ. ಎರಡು ಬಾರಿ ಮುಂದೂಡಿದ್ದಾರೆ. ಹ್ಯಾಶಮ್ಮನಿಗೆ ಇಲಾಖೆಯಿಂದ ಒಂದು ವಿವರಣೆ ಕೇಳುವ ಪತ್ರ ಬಂದಿದೆ. ಅದಕ್ಕೆ ಉತ್ತರ ಬರೆದು ಸಂಶಯನಿಗೆ ಓದಲು ಕೊಟ್ಟಿದ್ದಾಳೆ. ಅವನು ಇನ್ನೂ ಮೂರನೇ ಪುಟದಲ್ಲಿದ್ದಾನೆ.